ಪದ ನೆನಪಿಲ್ಲ, ಮ್ಯೂಸಿಕ್ ಬಿಟ್ ಮಾತ್ರ ನೆನಪಿದೆ: ಆ ಹಾಡನ್ನು ಹುಡುಕುವುದು ಹೇಗೆ?

ಹಾಡಿನ ಒಂದು ಸಾಲು ನೆನಪಿದ್ದರೆ ಕಷ್ಟವೇ ಇಲ್ಲ. ನಾಲ್ಕು ಪದ ಟೈಪ್ ಮಾಡಿದರೆ ಸಾಕು, ಹಾಡು ಎದುರಿಗೆ ಬಂದು ನಿಲ್ಲುತ್ತದೆ. ತಲೆಯಲ್ಲಿ ಸುತ್ತುತ್ತಿರುವುದು ಹಾಡು ಶುರುವಾಗುವ ಮುಂಚಿನ ಮ್ಯೂಸಿಕ್ಕೋ, ಎರಡು ಚರಣಗಳ ನಡುವೆ ಬರುವ ಬಿಟ್ಟೋ ಆಗಿದ್ದರೆ ಮಾತ್ರ ಪೇಚಾಟ. ಹುಡುಕೋಣ ಎಂದರೆ ಟೈಪ್ ಮಾಡಲು ಏನೂ ಇರುವುದಿಲ್ಲ.

ನನಗೆ ಹೀಗೆ ಕಾಡಿದ್ದು ಒಂದು ಊದುವ ವಾದ್ಯದ ಬಿಟ್. ಮೇಲಿನ ಒಂದು ಸ್ವರವನ್ನು ಗಟ್ಟಿಯಾಗಿ ಹಿಡಿದು, ಆಮೇಲೆ ಕೆಳಗೆ ಜಾರುತ್ತಾ ಬರುವ ರಾಗ. ಯಾರು ಹಾಡಿದ್ದು, ಯಾವ ಭಾಷೆ, ಗಂಡು ದನಿಯೋ ಹೆಣ್ಣು ದನಿಯೋ, ಒಂದೂ ಗೊತ್ತಿಲ್ಲ. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೂ ಸೇರಿಸಿ.

ಮೊದಲ ಕೆಲಸ: ಬೇರೆ ಏನನ್ನೂ ಕೇಳುವ ಮುಂಚೆ ರೆಕಾರ್ಡ್ ಮಾಡಿ

ರಾಗ ತಲೆಗೆ ಬಂದ ಕೂಡಲೇ ಫೋನಿನ ವಾಯ್ಸ್ ರೆಕಾರ್ಡರ್ ತೆರೆದು ಗುನುಗಿಬಿಡಿ. ಚೆನ್ನಾಗಿ ಬರಲಿ ಅಂತ ಕಾಯಬೇಡಿ, ಶ್ರುತಿ ಸರಿ ಮಾಡಿಕೊಳ್ಳಲೂ ಹೋಗಬೇಡಿ. ತಲೆಯಲ್ಲಿ ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಓಡುತ್ತಿದೆಯೋ ಹಾಗೇ ಬರಲಿ. ಜೊತೆಗೆ ತೊಡೆಯ ಮೇಲೆ ತಾಳ ತಟ್ಟುತ್ತಿರಿ.

ಯಾಕೆ ಇಷ್ಟು ಅವಸರ ಅಂದರೆ, ಹುಡುಕಲು ಕೂತ ಮೇಲೆ ನೀವು ಹತ್ತಾರು ತಪ್ಪು ಹಾಡುಗಳನ್ನು ಕೇಳುತ್ತೀರಿ. ಅವುಗಳಲ್ಲಿ ಕೆಲವು ನಿಮ್ಮ ರಾಗಕ್ಕೆ ಹತ್ತಿರ ಇರುತ್ತವೆ. ಐದನೆಯದನ್ನು ಕೇಳುವ ಹೊತ್ತಿಗೆ ನಿಮ್ಮ ತಲೆಯ ರಾಗಕ್ಕೆ ಅದರ ಬಣ್ಣ ಹತ್ತಿರುತ್ತದೆ. ಆಮೇಲೆ ಮೂಲ ಯಾವುದು, ಬೆರೆತದ್ದು ಯಾವುದು ಅಂತ ಬೇರೆ ಮಾಡಲು ಆಗುವುದೇ ಇಲ್ಲ. ಮೊದಲ ರೆಕಾರ್ಡಿಂಗ್ ಇದ್ದರೆ ವಾಪಸ್ ಹೋಗಿ ಕೇಳಬಹುದು.

ವೇಗದ ವಿಷಯದಲ್ಲಿ ನಿಮ್ಮ ನೆನಪನ್ನು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಂಬಬಹುದು. ಡೇನಿಯಲ್ ಲೆವಿಟಿನ್ ಮತ್ತು ಪೆರಿ ಕುಕ್ 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜನ ತಮಗೆ ಚೆನ್ನಾಗಿ ಗೊತ್ತಿದ್ದ ಪಾಪ್ ಹಾಡುಗಳನ್ನು ನೆನಪಿನಿಂದಲೇ ಹಾಡಿದ್ದರು. ನೂರಕ್ಕೆ 72 ಸಲ ಅವರ ವೇಗ ಮೂಲ ರೆಕಾರ್ಡಿಂಗಿಗಿಂತ ಶೇ. 8ಕ್ಕಿಂತ ಹೆಚ್ಚು ಆಚೀಚೆ ಆಗಿರಲಿಲ್ಲ. ಹಾಗಾಗಿ ರೆಕಾರ್ಡಿಂಗ್ ಹಾಕಿಕೊಂಡು 15 ಸೆಕೆಂಡಿಗೆ ಎಷ್ಟು ತಟ್ಟು ಬಿತ್ತು ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. 28 ತಟ್ಟು ಬಿದ್ದರೆ ನಿಮಿಷಕ್ಕೆ 112. ಸಿಕ್ಕ ಹಾಡು ಅದೇನಾ ಅಂತ ಅನುಮಾನ ಬಂದಾಗ ಈ ಸಂಖ್ಯೆ ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರ: ಒಬ್ಬರು ತಟ್ಟುವ ತಾಳ ಇನ್ನೊಬ್ಬರ ತಾಳದ ಎರಡರಷ್ಟು ಇರಬಹುದು. 112 ಮತ್ತು 56 ಒಂದೇ ಹಾಡಿನ ಲೆಕ್ಕವಾಗಿರಲು ಸಾಧ್ಯ.

ರೆಕಾರ್ಡಿಂಗಿನ ತುಣುಕು ಇದೆಯೋ, ತಲೆಯಲ್ಲಿ ಮಾತ್ರ ಇದೆಯೋ?

ಮುಂದಿನ ದಾರಿ ನಿಂತಿರುವುದು ಈ ಪ್ರಶ್ನೆಯ ಮೇಲೆ. ಬಹಳ ಜನ ಎಡವುವುದೂ ಇಲ್ಲೇ.

ನಿಮ್ಮ ಹತ್ತಿರ ಆ ಬಿಟ್ ಯಾವುದಾದರೂ ವಿಡಿಯೋದಲ್ಲಿ ಐದು ಸೆಕೆಂಡಾದರೂ ಇದ್ದರೆ ಶಜಾಮ್ ತರಹದ ಆ್ಯಪ್ ಸಾಕು. ಹಾಡಿದ ದನಿ ಇರಲೇಬೇಕು ಅಂತ ಅದಕ್ಕೆ ಏನೂ ಇಲ್ಲ. ಅದು ಧ್ವನಿಯಲ್ಲಿ ಯಾವ ಕ್ಷಣಕ್ಕೆ ಯಾವ ಕಂಪನ ಜೋರಾಗಿದೆ ಅನ್ನುವ ಚುಕ್ಕಿಗಳನ್ನು ಆರಿಸಿಕೊಳ್ಳುತ್ತದೆ. ಎರಡೆರಡು ಚುಕ್ಕಿ ಜೋಡಿಸಿ, ಅವುಗಳ ನಡುವಿನ ಸಮಯದ ಅಂತರ ಹಿಡಿದು ತನ್ನ ಸಂಗ್ರಹದಲ್ಲಿ ಹುಡುಕುತ್ತದೆ. ಒಂಥರಾ ಬೆರಳಚ್ಚು ಇದ್ದ ಹಾಗೆ. ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದರೂ ಸಾಕಷ್ಟು ಚುಕ್ಕಿಗಳು ಉಳಿಯುವುದರಿಂದ ಕೆಲಸ ನಡೆಯುತ್ತದೆ.

ಬೆರಳಚ್ಚು ಆದ್ದರಿಂದಲೇ ಅದಕ್ಕೆ ಬೇಕಾದದ್ದು ಅದೇ ರೆಕಾರ್ಡಿಂಗ್. ಅದೇ ಹಾಡನ್ನು ಅದೇ ಬ್ಯಾಂಡ್ ವೇದಿಕೆಯಲ್ಲಿ ನುಡಿಸಿದರೂ ಹೊಂದದೇ ಹೋಗಬಹುದು. ಹಾಗಿರುವಾಗ ನೀವು ಬಾಯಲ್ಲಿ ಗುನುಗಿದರೆ ಹೊಂದುವ ಮಾತೇ ಇಲ್ಲ. ‘ಆ್ಯಪ್‌ಗೆ ಹತ್ತು ಸಲ ಗುನುಗಿದೆ, ಸಿಗಲಿಲ್ಲ, ಹಾಗಾದರೆ ಅಂಥ ಹಾಡೇ ಇಲ್ಲ’ ಅನ್ನುವವರು ನನಗೆ ತುಂಬಾ ಸಿಕ್ಕಿದ್ದಾರೆ. ಹಾಡು ಇರುತ್ತದೆ, ಆ್ಯಪ್ ಬೇರೆಯದು ಬೇಕು ಅಷ್ಟೇ.

ತುಣುಕು ಇದ್ದೂ ಸಿಗದಿದ್ದರೆ, ಅದರ ವೇಗ ಬದಲಾಗಿರಬಹುದು. ಸಣ್ಣ ವಿಡಿಯೋಗಳಲ್ಲಿ ಹಾಡನ್ನು ಓಡಿಸಿ ಹಾಕುವುದು ಈಗ ಮಾಮೂಲಿ. ದನಿ ಕೀಚಲಾಗಿದ್ದರೆ ವೇಗದ ಜೊತೆ ಶ್ರುತಿಯೂ ಏರಿದೆ ಎಂದರ್ಥ. ಆಡಾಸಿಟಿ ತರಹದ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸುವ ಅನುಕೂಲ ಇದೆ. ಸುಮಾರು ಶೇ. 6ರಷ್ಟು ಇಳಿಸಿದರೆ ಅರ್ಧ ಸ್ವರ ಕೆಳಗೆ ಬರುತ್ತದೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿಸುತ್ತಾ, ಪ್ರತಿ ಸಲ ಆ್ಯಪ್‌ಗೆ ಕೇಳಿಸಿ. ವಿಡಿಯೋ ಪ್ಲೇಯರಿನ ವೇಗದ ಬಟನ್ ಇಲ್ಲಿ ಉಪಯೋಗಕ್ಕೆ ಬಾರದು. ಅದು ಸಾಮಾನ್ಯವಾಗಿ ಶ್ರುತಿಯನ್ನು ಹಾಗೇ ಇಟ್ಟು ವೇಗ ಮಾತ್ರ ಬದಲಿಸುತ್ತದೆ.

ನನ್ನ ಹತ್ತಿರ ಯಾವ ತುಣುಕೂ ಇರಲಿಲ್ಲ. ಇದ್ದದ್ದು ತಲೆಯಲ್ಲಿ ಮಾತ್ರ.

ಗುನುಗಿ ಹುಡುಕುವುದು

ಗುನುಗಿದ್ದನ್ನು ಗುರುತಿಸುವ ಸೌಲಭ್ಯ ಗೂಗಲ್ ಆ್ಯಪ್‌ನಲ್ಲಿ 2020ರಿಂದ ಇದೆ. ಮೈಕ್ ಚಿಹ್ನೆ ಒತ್ತಿ, `Search a song` ಆರಿಸಿ, 10ರಿಂದ 15 ಸೆಕೆಂಡ್ ಗುನುಗಬೇಕು. ಸೌಂಡ್‌ಹೌಂಡ್ ಕೂಡ ಇದೇ ಕೆಲಸ ಮಾಡುತ್ತದೆ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುವುದುಂಟು, ಎರಡನ್ನೂ ನೋಡಿ. ಇವು ವಾದ್ಯ, ದನಿ, ಗುಣಮಟ್ಟ ಎಲ್ಲ ಬಿಟ್ಟು ರಾಗ ಏರಿಳಿಯುವ ಗೆರೆಯನ್ನು ಮಾತ್ರ ಹಿಡಿಯುತ್ತವೆ. ನೀವು ಯಾವ ಶ್ರುತಿಯಲ್ಲಿ ಗುನುಗಿದರೂ ನಡೆಯುತ್ತದೆ.

ಹಾಗಂತ ಹೇಗೆ ಬೇಕಾದರೂ ಗುನುಗಿದರೆ ಆಗದು. ಮ್ಯೂಸಿಕ್ ಬಿಟ್ ಗುನುಗುವಾಗ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಇಡೀ ವಾದ್ಯಗೋಷ್ಠಿಯನ್ನು ಒಂದೇ ಬಾಯಲ್ಲಿ ನುಡಿಸಲು ಹೋಗುತ್ತೇವೆ. ಪಿಟೀಲು ‘ನನ ನಾನಾ’ ಅನ್ನುತ್ತದೆ, ತಕ್ಷಣ ‘ಡುಡುಂ ಟಕ್’ ಅಂತ ಡ್ರಮ್ ಹಾಕುತ್ತೇವೆ, ಅದು ಮುಗಿಯುವಷ್ಟರಲ್ಲಿ ಕೊಳಲಿನ ಉತ್ತರಕ್ಕೆ ಹಾರುತ್ತೇವೆ. ನಮ್ಮ ತಲೆಯಲ್ಲಿ ಅದೆಲ್ಲ ಬೇರೆ ಬೇರೆಯಾಗಿಯೇ ಕೇಳುತ್ತಿರುತ್ತದೆ. ಕೇಳುವ ಆ್ಯಪ್‌ಗೆ ಅದು ಹುಚ್ಚುಚ್ಚಾಗಿ ಜಿಗಿಯುವ ಒಂದೇ ರಾಗ. ನನ್ನ ಮೊದಲ ಪ್ರಯತ್ನ ನೆಲಕಚ್ಚಿದ್ದು ಹೀಗೇ. ಊದುವ ವಾದ್ಯದ ಎರಡು ಸಾಲುಗಳ ನಡುವೆ ನಾನು ಡ್ರಮ್ಮನ್ನೂ ತುಂಬಿಸಿದ್ದೆ. ಬಂದ ಉತ್ತರಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ.

ಆದ್ದರಿಂದ ಒಂದು ಸಲಕ್ಕೆ ಒಂದೇ ವಾದ್ಯ. ಇನ್ನೊಂದು ವಾದ್ಯ ಉತ್ತರ ಕೊಡುವ ಜಾಗದಲ್ಲಿ ಸುಮ್ನೆ ಇರಿ. ಬಾಯಿ ಮುಚ್ಚಿ ‘ಮ್‌ಮ್’ ಅನ್ನುವ ಬದಲು ‘ದ’ ಅಕ್ಷರ ಹಿಡಿದು ಹಾಡಿದರೆ ನನ್ನ ಅನುಭವದಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ‘ದ ದ ದಾ’ ಅಂದಾಗ ಪ್ರತಿ ಸ್ವರ ಎಲ್ಲಿ ಶುರುವಾಯಿತು ಅನ್ನುವುದು ಸ್ಪಷ್ಟ. ಅದೇ ಸ್ವರ ಎರಡು ಸಲ ಬಂದಾಗ ‘ಮ್‌ಮ್’ನಲ್ಲಿ ಅದು ಒಂದೇ ಉದ್ದ ಸ್ವರವಾಗಿಬಿಡುತ್ತದೆ.

ವಾದ್ಯದ ಬಿಟ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಅವು ಮನುಷ್ಯನ ಗಂಟಲಿಗಾಗಿ ಮಾಡಿದವಲ್ಲ. ಕೊಳಲು ಎಲ್ಲೋ ಮೇಲೆ ಹೋಗಿ ಕೂತಿರುತ್ತದೆ. ಅರ್ಧದವರೆಗೆ ಹತ್ತಿ, ದನಿ ನಿಲುಕದೆ ಉಳಿದದ್ದನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಿಬಿಡುತ್ತೇವೆ. ಅಲ್ಲಿಗೆ ಏರಬೇಕಾದ ಕಡೆ ರಾಗ ಧಡಕ್ಕನೆ ಬೀಳುತ್ತದೆ, ಆಕಾರ ಕೆಡುತ್ತದೆ. ಹಾಡುವ ಮುಂಚೆ ಆ ಬಿಟ್‌ನ ಅತಿ ಎತ್ತರದ ಸ್ವರ ಯಾವುದು ನೋಡಿಕೊಳ್ಳಿ. ಅದು ಆರಾಮಾಗಿ ಬರುವಷ್ಟು ಕೆಳಗಿನಿಂದ ಶುರು ಮಾಡಿ. ಗಮಕ, ನಡುಕ, ಜಾರು ಇವನ್ನೆಲ್ಲ ಬಿಟ್ಟು ಮುಖ್ಯ ಸ್ವರಗಳನ್ನು ಮಾತ್ರ ನೇರವಾಗಿ ಹಾಡಿ. ಚೆನ್ನಾಗಿ ಹಾಡುವವರೇ ಇಲ್ಲಿ ಕೆಲವೊಮ್ಮೆ ಸೋಲುತ್ತಾರೆ, ಅವರಿಗೆ ಅಲಂಕಾರ ಮಾಡದೆ ಇರಲಾಗದು.

ಎರಡನೆಯ ಸಲ ನಾನು ಇಷ್ಟೆಲ್ಲ ಪಾಲಿಸಿದೆ. ಆದರೂ ಸಿಗಲಿಲ್ಲ. ಆಗ ಮೊದಲ ರೆಕಾರ್ಡಿಂಗ್ ಮತ್ತೆ ಕೇಳಿದೆ. ಒಂದು ವಿಷಯ ಗಮನಕ್ಕೆ ಬಂತು: ಸುಮಾರು ಎಂಟನೆಯ ಸೆಕೆಂಡಿನಲ್ಲಿ ನಾನು ಪ್ರತಿ ಸಲವೂ ಒಂದು ಚೂರು ತಡವರಿಸುತ್ತಿದ್ದೆ. ಉಸಿರು ತೆಗೆದುಕೊಳ್ಳುವ ಜಾಗ ಅದಲ್ಲ. ಅದಾದ ಮೇಲಿನ ಭಾಗ ಮಾತ್ರ ಬೇರೆ ಹಾಡಿದಾಗ ಅದು ಯಾವುದೋ ಬೇರೆ ಹಾಡಿನದು ಅನ್ನಿಸಿತು. ಎರಡು ಹಾಡನ್ನು ನನ್ನ ತಲೆ ಹೊಲಿದು ಒಂದು ಮಾಡಿತ್ತು!

ಇದು ಅಪರೂಪವೇನಲ್ಲ. ಬಿಟ್ ಮುಗಿಯುವ ಜಾಗದಲ್ಲಿ ಹಾಡಿನ ಸಾಲು ಬರಬೇಕು, ಅದು ನೆನಪಿಲ್ಲ. ಆ ಖಾಲಿ ಜಾಗಕ್ಕೆ ತಲೆ ಹೊಂದುವ ಇನ್ನೊಂದು ಬಾಲ ಅಂಟಿಸುತ್ತದೆ. ತಡವರಿಕೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲೇ ಕತ್ತರಿಸಿ. ಎರಡು ತುಂಡನ್ನೂ ಬೇರೆ ಬೇರೆಯಾಗಿ ಹುಡುಕಿ. ತುಂಡು ಚಿಕ್ಕದಾದರೆ ಅದನ್ನೇ ಎರಡು ಸಲ ಹಾಡಿ 10 ಸೆಕೆಂಡ್ ತುಂಬಿಸಿ.

ನಾನು ಮೊದಲ ಎಂಟು ಸೆಕೆಂಡಿನ ಭಾಗ ಮಾತ್ರ ಎರಡು ಸಲ ಹಾಡಿದೆ. ಪಟ್ಟಿಯ ಮೊದಲ ಹೆಸರು ಬಂತು: ಜೆರಿ ರಾಫರ್ಟಿ, ‘ಬೇಕರ್ ಸ್ಟ್ರೀಟ್’, 1978.

ಬಂದ ಉತ್ತರವನ್ನು ಕೇಳಿ ನೋಡುವುದು

ಪಟ್ಟಿಯಲ್ಲಿ ಬಂದ ಹಾಡನ್ನು ಮೊದಲ ಹತ್ತು ಸೆಕೆಂಡ್ ಕೇಳಿ ‘ಇದಲ್ಲ’ ಅಂತ ಬಿಡುವುದು ದೊಡ್ಡ ತಪ್ಪು. ನೀವು ಹುಡುಕುತ್ತಿರುವುದು ನಡುವಿನ ಬಿಟ್ ಆಗಿರಬಹುದು. ಹಾಡಿದ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹಾರಿ ಹಾರಿ ಕೇಳಿ. ಪಲ್ಲವಿ ಮುಗಿದ ಮೇಲೆ ಒಂದು ಕಡೆ, ಮೊದಲ ಚರಣ ಮುಗಿದ ಮೇಲೆ ಇನ್ನೊಂದು ಕಡೆ, ಕೊನೆಗೆ ಹಾಡು ಮೆಲ್ಲಗೆ ಕರಗುವ ಜಾಗ. ಹೀಗೆ ಮೂರು ಕಡೆ ಕೇಳಿದರೆ ಒಂದು ಹಾಡಿನ ತೀರ್ಮಾನ ಒಂದು ನಿಮಿಷದಲ್ಲಿ ಆಗುತ್ತದೆ. ಶುರುವಿನ ಬಿಟ್ಟೇ ಇರಲಿ, ಕೆಲವು ಹಾಡುಗಳಲ್ಲಿ ಅದಕ್ಕೂ ಮುಂಚೆ ಬೇರೆ ಏನೋ ಇರುತ್ತದೆ. ಈ ಹಾಡಿನಲ್ಲೂ ಮೊದಲು ಮೆತ್ತಗಿನ ಒಂದು ಪ್ರವೇಶ ಇದೆ, ಆಮೇಲೆ ಮುಖ್ಯ ಬಿಟ್ ಬರುತ್ತದೆ.

ಬಂತು, ಅದೇ ಬಿಟ್. ನುಡಿಸಿದ್ದು ಸ್ಯಾಕ್ಸೋಫೋನ್, ನುಡಿಸಿದವರು ರಾಫೆಲ್ ರೇವನ್ಸ್‌ಕ್ರಾಫ್ಟ್. ನಾನು ಅದು ಕ್ಲಾರಿನೆಟ್ ಅಂತ ನಂಬಿಕೊಂಡು ‘ಕ್ಲಾರಿನೆಟ್ ಇರುವ ಹಾಡುಗಳು’ ಅಂತ ಒಂದು ಸಂಜೆ ಪೂರ್ತಿ ಹುಡುಕಿದ್ದೆ. ವಾದ್ಯದ ಹೆಸರನ್ನು ನಂಬಿ ಬೇಲಿ ಹಾಕಬೇಡಿ ಅನ್ನುವುದು ಇದಕ್ಕೇ. ಸಿಂಥಸೈಜರ್ ಕೊಳಲಿನ ಹಾಗೆ ಕೇಳಿಸುತ್ತದೆ, ಗಿಟಾರಿಗೆ ಸದ್ದು ಬದಲಿಸುವ ಪೆಡಲ್ ಹಾಕಿದರೆ ಪಿಟೀಲಿನ ಹಾಗೆ. ‘ಊದುವುದು’, ‘ತಂತಿಯದು’, ‘ಕೀಬೋರ್ಡ್’ ಅನ್ನುವಷ್ಟು ದೊಡ್ಡ ಗುಂಪು ಸಾಕು.

ಪದಗಳು ನನಗೆ ಯಾಕೆ ನೆನಪಿರಲಿಲ್ಲ ಅನ್ನುವುದೂ ಆಗ ಗೊತ್ತಾಯಿತು. ಈ ಹಾಡಿನಲ್ಲಿ ಜನ ಒಟ್ಟಿಗೆ ಹಾಡುವಂಥ ಪಲ್ಲವಿಯೇ ಇಲ್ಲ. ಪಲ್ಲವಿ ಬರಬೇಕಾದ ಜಾಗದಲ್ಲಿ ಸ್ಯಾಕ್ಸೋಫೋನ್ ಬರುತ್ತದೆ.

ಗುನುಗಿದರೂ ಸಿಗದಿದ್ದರೆ: ಏರಿತೋ ಇಳಿಯಿತೋ ಬರೆಯಿರಿ

ಗುನುಗಿ ಹುಡುಕುವ ಆ್ಯಪ್‌ಗಳು ಹಾಡಿನ ಮುಖ್ಯ ರಾಗವನ್ನು ಹಿಡಿಯುವಷ್ಟು ಚೆನ್ನಾಗಿ ನಡುವಿನ ಬಿಟ್‌ಗಳನ್ನು ಹಿಡಿಯುವುದಿಲ್ಲ. ನನ್ನ ಅದೃಷ್ಟಕ್ಕೆ ಆ ಬಿಟ್ಟೇ ಹಾಡಿನ ಮುಖವಾಗಿತ್ತು. ಎಲ್ಲ ಸಲ ಹಾಗಿರದು.

ಇಂಥ ಸಂದರ್ಭಕ್ಕೆ ಹಳೆಯ ಒಂದು ಉಪಾಯ ಇದೆ. ಡೆನಿಸ್ ಪಾರ್ಸನ್ಸ್ ಎಂಬವರು 1975ರಲ್ಲಿ ರಾಗಗಳ ಒಂದು ಕೋಶ ತಂದರು. ಅದರಲ್ಲಿ ಸ್ವರದ ಹೆಸರು ಗೊತ್ತಿರಬೇಕಿಲ್ಲ, ತಾಳವೂ ಬೇಡ. ಹಿಂದಿನ ಸ್ವರಕ್ಕಿಂತ ಈ ಸ್ವರ ಮೇಲಿದೆಯೋ, ಕೆಳಗಿದೆಯೋ, ಅದೇ ಇದೆಯೋ ಅನ್ನುವುದು ಗೊತ್ತಾದರೆ ಸಾಕು. ಮೇಲಾದರೆ U, ಕೆಳಗಾದರೆ D, ಅದೇ ಆದರೆ R. ಮೊದಲ ಸ್ವರಕ್ಕೆ ನಕ್ಷತ್ರ.

ಬೀಥೋವನ್‌ನ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗವನ್ನೇ ತೆಗೆದುಕೊಳ್ಳಿ. ಆ ಪ್ರಸಿದ್ಧ ರಾಗ ಹಾಡುಗಾರರ ಬಾಯಿಗೆ ಬರುವುದು ತಡವಾಗಿ. ಅದಕ್ಕೆ ಮುಂಚೆ ಚೆಲ್ಲೋ ಮತ್ತು ಡಬಲ್ ಬೇಸ್‌ಗಳು ಅದನ್ನು ಮೆಲ್ಲಗೆ ನುಡಿಸುತ್ತವೆ. ನಿಮಗೆ ನೆನಪಿರುವುದು ಆ ತಂತಿವಾದ್ಯದ ಭಾಗ ಮಾತ್ರ ಅಂದುಕೊಳ್ಳಿ. ನಮ್ಮ ಸ್ವರಗಳಲ್ಲಿ ಅದು ಹೀಗೆ: ಗ ಗ ಮ ಪ, ಪ ಮ ಗ ರಿ, ಸ ಸ ರಿ ಗ, ಗ ರಿ ರಿ. ಗ ಆದ ಮೇಲೆ ಮತ್ತೆ ಗ, ಅಂದರೆ R. ಆಮೇಲೆ ಮ, U. ಪ, U. ಮತ್ತೆ ಪ, R. ಅಲ್ಲಿಂದ ಮ ಗ ರಿ ಸ ಅಂತ ನಾಲ್ಕು ಇಳಿತ, ನಾಲ್ಕು D. ಕೊನೆಯವರೆಗೆ ಬರೆದರೆ:

```
*RUURDDDDRUURDR
```

ಇದನ್ನು ಮ್ಯೂಸಿಪೀಡಿಯಾ ತಾಣದಲ್ಲಿ ಹಾಕಿ ಹುಡುಕಬಹುದು. ಶ್ರುತಿ ಸೇರದವರಿಗೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಎಷ್ಟು ಏರಿತು ಅನ್ನುವುದು ತಪ್ಪಿದರೂ ಏರಿತು ಅನ್ನುವುದು ತಪ್ಪದಿದ್ದರೆ ಆಯಿತು. ಆದರೆ ಐದಾರು ಅಕ್ಷರ ಬರೆದು ಬಿಡಬೇಡಿ. ಐದು ಅಕ್ಷರಕ್ಕೆ ಆಗುವುದು 243 ಮಾದರಿಗಳು ಮಾತ್ರ, ಒಂದೊಂದಕ್ಕೂ ರಾಶಿ ಹಾಡು ಹೊಂದುತ್ತವೆ. ಹನ್ನೆರಡು ಅಕ್ಷರ ಇದ್ದರೆ ಐದು ಲಕ್ಷಕ್ಕೂ ಹೆಚ್ಚು ಮಾದರಿಗಳಾಗುತ್ತವೆ. ಅಲ್ಲಿ ಸೋಸುವಿಕೆ ನಿಜವಾಗಿ ಶುರುವಾಗುತ್ತದೆ. ಒಂದು ಮಿತಿ ಇದೆ. ಈ ತಾಣದ ಬಲ ಇರುವುದು ಶಾಸ್ತ್ರೀಯ ಮತ್ತು ಜನಪದ ರಾಗಗಳಲ್ಲಿ. ಕಳೆದ ವರ್ಷದ ಸಿನಿಮಾ ಹಾಡಿನ ಬಿಟ್ ಇಲ್ಲಿ ಸಿಗುತ್ತದೆ ಅಂತ ಕೂರಬೇಡಿ.

ಜನರನ್ನು ಕೇಳುವಾಗ

ಯಂತ್ರ ಸೋತ ಕಡೆ ಮನುಷ್ಯರ ಕಿವಿ ಗೆಲ್ಲುವುದು ಈಗಲೂ ಇದೆ. ಆದರೆ ‘ಟಣ್ ಟಣ್ ಟಡಾಣ್, ಯಾವ ಹಾಡು ಹೇಳಿ’ ಅಂತ ಬರೆದು ಕೇಳಿದರೆ ಯಾರಿಗೂ ಏನೂ ತಿಳಿಯದು. ಬರೆದವರಿಗೆ ಅದರಲ್ಲಿ ರಾಗ ಕೇಳಿಸುತ್ತದೆ, ಓದುವವರಿಗೆ ಗಂಟೆ ಬಾರಿಸಿದ ಹಾಗಿರುತ್ತದೆ ಅಷ್ಟೇ. ಗುನುಗಿದ ರೆಕಾರ್ಡಿಂಗ್ ಹಾಕಿ. ನಾಚಿಕೆಯಾದರೆ ಫೋನಿನ ಪಿಯಾನೋ ಆ್ಯಪ್‌ನಲ್ಲಿ ಒಂದು ಬೆರಳಲ್ಲಿ ನುಡಿಸಿ ಹಾಕಿ.

ಅದರ ಜೊತೆ ಬರೆಯಬೇಕಾದದ್ದರಲ್ಲಿ ಮುಖ್ಯವಾದದ್ದು ಕಾಲದ ಗಡಿ. ‘ಹಳೆಯ ಹಾಡು’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಕೇಳಿದ್ದು ಯಾವಾಗ ಅನ್ನುವುದನ್ನು ಜೀವನದ ಒಂದು ಘಟನೆಗೆ ಕಟ್ಟಿ. ‘ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕೇಳಿದ್ದು’ ಅಂದರೆ ಆ ವರ್ಷದ ಆಚೆಗಿನ ಹಾಡುಗಳೆಲ್ಲ ಒಂದೇ ಏಟಿಗೆ ಹೊರಗೆ. ಹಾಡು ಎಷ್ಟು ಹಳೆಯದು ಅನ್ನುವುದು ಇದರಿಂದ ಗೊತ್ತಾಗದು, ಆದರೆ ಎಷ್ಟಕ್ಕಿಂತ ಹೊಸದಲ್ಲ ಅನ್ನುವುದು ಖಚಿತ. ಕೇಳಿದ್ದು ರೇಡಿಯೋದಲ್ಲೋ, ಸಿನಿಮಾದಲ್ಲೋ, ಟಿವಿ ಕಾರ್ಯಕ್ರಮದ ಹಿನ್ನೆಲೆಯಲ್ಲೋ ಅದನ್ನೂ ಬರೆಯಿರಿ. ಟಿವಿ ಹಿನ್ನೆಲೆ ಅನ್ನುವುದಾದರೆ ಅದು ಹಾಡೇ ಅಲ್ಲದಿರಬಹುದು. ಕಾರ್ಯಕ್ರಮಗಳಿಗೆ ಅಂತಲೇ ಮಾಡಿಟ್ಟ ಮ್ಯೂಸಿಕ್ ಸಂಗ್ರಹಗಳಿವೆ, ಅವಕ್ಕೆ ಹಾಡುಗಾರರೇ ಇರುವುದಿಲ್ಲ. ಈಗಾಗಲೇ ಕೇಳಿ ‘ಅಲ್ಲ’ ಅಂತ ಬಿಟ್ಟ ಹಾಡುಗಳ ಪಟ್ಟಿಯನ್ನೂ ಕೊಟ್ಟರೆ ಅದೇ ಉತ್ತರ ಹತ್ತು ಸಲ ಬರುವುದು ತಪ್ಪುತ್ತದೆ.

ಹಾಡು ಅದೇ, ಆದರೆ ಇದಲ್ಲ

ನನ್ನ ಕಥೆ 1978ಕ್ಕೆ ಮುಗಿಯಲಿಲ್ಲ. ಬಿಟ್ ಅದೇ ಆಗಿತ್ತು, ಸ್ಯಾಕ್ಸೋಫೋನ್ ಅದೇ. ಆದರೂ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಮೊದಲ ರೆಕಾರ್ಡಿಂಗ್ ಮತ್ತೆ ಹಾಕಿದೆ. ಅದರಲ್ಲಿ ನಾನು ಬಾಯಲ್ಲಿ ಹಾಕಿದ್ದ ಡ್ರಮ್ ಒಂದೇ ಸಮನೆ ‘ಡುಂ ಡುಂ ಡುಂ ಡುಂ’ ಅಂತ ಓಡುತ್ತಿತ್ತು. ರಾಫರ್ಟಿಯ ಹಾಡಿನ ಡ್ರಮ್ ಹಾಗಿಲ್ಲ. ಗುನುಗಿ ಹುಡುಕುವಾಗ ಅಡ್ಡ ಬಂದಿದ್ದ ಡ್ರಮ್ಮೇ ಇಲ್ಲಿ ಸುಳಿವಾಯಿತು. ಮೊದಲ ರೆಕಾರ್ಡಿಂಗನ್ನು ಅಳಿಸಬಾರದು ಅನ್ನುವುದು ಇದಕ್ಕೂ ಸೇರಿ.

ಒಂದು ಬಿಟ್ ಹಲವು ರೆಕಾರ್ಡಿಂಗ್‌ಗಳಲ್ಲಿ ಇರಬಹುದು. ಬೇರೆಯವರು ಅದೇ ಹಾಡನ್ನು ಮತ್ತೆ ಹಾಡಿರುತ್ತಾರೆ. ಇಲ್ಲವೇ ಆ ತುಣುಕನ್ನೇ ಕತ್ತರಿಸಿ ಬೇರೆ ಹಾಡಿನಲ್ಲಿ ಸೇರಿಸಿರುತ್ತಾರೆ. ಹೂಸ್ಯಾಂಪಲ್ಡ್ ಎಂಬ ತಾಣದಲ್ಲಿ ಮೂಲ ಹಾಡಿನ ಹೆಸರು ಹಾಕಿದರೆ ಇಂಥವುಗಳ ಪಟ್ಟಿ ಸಿಗುತ್ತದೆ. ‘ಬೇಕರ್ ಸ್ಟ್ರೀಟ್’ ಹಾಡನ್ನು ಫೂ ಫೈಟರ್ಸ್ ತಂಡ ಮತ್ತೆ ಹಾಡಿದೆ, ಅದರಲ್ಲಿ ಈ ಬಿಟ್ ಗಿಟಾರಿನಲ್ಲಿದೆ. ಅದನ್ನು ಬಿಟ್ಟೆ. ಅಂಡರ್‌ಕವರ್ ಎಂಬ ತಂಡ 1992ರಲ್ಲಿ ಅದನ್ನೇ ಡ್ಯಾನ್ಸ್ ಹಾಡಾಗಿ ಮಾಡಿತ್ತು. ಅದನ್ನು ಹಾಕಿದೆ. ಸ್ಯಾಕ್ಸೋಫೋನಿನ ಕೆಳಗೆ ಒಂದೇ ಸಮನೆ ಡುಂ ಡುಂ. ನಾನು ಕೇಳಿದ್ದು ಅದನ್ನೇ.

ಬಾಲಕ್ಕೆ ಅಂಟಿಕೊಂಡಿದ್ದ ಆ ಎರಡನೆಯ ತುಂಡು ಯಾವ ಹಾಡಿನದು ಅಂತ ಇನ್ನೂ ಹುಡುಕುತ್ತಿದ್ದೇನೆ. ಅದರ ರೆಕಾರ್ಡಿಂಗ್ ಫೋನಿನಲ್ಲಿ ಹಾಗೇ ಇದೆ.